ಇನ್ನೂರ ನಲವತ್ತು ವಿದ್ಯಾರ್ಥಿಗಳ ಮುಂದೆ ಒಂದೇ ಒಂದು ಉಪನ್ಯಾಸ: ಮೊದಲ ನಿಮಿಷದಲ್ಲಿ ನನ್ನ ಪರಿಚಯ ಎಲ್ಲಿರಬೇಕು?

ಬಿರುಕು ಪರೀಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಹದಿನಾರು ವರ್ಷಗಳಿಂದ ವಿಮಾನದ ಬಿಡಿಭಾಗಗಳಲ್ಲಿ ಬಿರುಕು ಹುಡುಕುವ ಕೆಲಸ ಮಾಡುತ್ತಿದ್ದೇನೆ. ಮುಂದಿನ ವಾರ ಮೆಕ್ಯಾನಿಕಲ್ ವಿಭಾಗದ ಎರಡನೆಯ ವರ್ಷದ ಇನ್ನೂರ ನಲವತ್ತು ವಿದ್ಯಾರ್ಥಿಗಳಿಗೆ ಲೋಹದ ಫಟೀಗ್, ಅಂದರೆ ಮತ್ತೆ ಮತ್ತೆ ಬೀಳುವ ಒತ್ತಡದಿಂದ ಲೋಹ ದಣಿದು ಬಿರುಕು ಬಿಡುವುದರ ಕುರಿತು ಐವತ್ತು ನಿಮಿಷ ಮಾತನಾಡಬೇಕಾಗಿದೆ. ಕಳೆದ ವರ್ಷ ಇಂಥದೇ ಒಂದು ತರಗತಿಯಲ್ಲಿ ನಾನು ಸೋತಿದ್ದೆ. ಹೇಗೆ ಸೋತೆ ಎನ್ನುವುದು ನನಗೆ ಸ್ಪಷ್ಟವಾಗಿ ನೆನಪಿದೆ.

ಆ ದಿನ ವಿಭಾಗದವರು ನನ್ನ ಎರಡು ಪುಟದ ಪರಿಚಯವನ್ನು ಅಕ್ಷರ ಬಿಡದೆ ಓದಿದರು. ನಂತರ ನಾನು ಎದ್ದು, ಕರೆಸಿದ್ದಕ್ಕೆ ಧನ್ಯವಾದ ಹೇಳಿ, ಎಲ್ಲಿ ಓದಿದೆ, ಎಲ್ಲೆಲ್ಲಿ ಕೆಲಸ ಮಾಡಿದೆ ಎಂಬ ಸ್ಲೈಡ್ ತೋರಿಸಿದೆ. ಮೂರನೆಯ ಸಾಲಿನಲ್ಲಿ ಒಬ್ಬ ಹುಡುಗಿ ಪುಸ್ತಕ ತೆರೆದು, ಪೆನ್ನಿನ ಮುಚ್ಚಳ ತೆಗೆದು ಕುಳಿತಿದ್ದಳು. ನನ್ನ ಎರಡನೆಯ ಉದ್ಯೋಗದ ಹೆಸರು ಬರುವ ಹೊತ್ತಿಗೆ ಅವಳು ಮುಚ್ಚಳ ಹಾಕಿ ಪುಸ್ತಕ ಮಡಚಿದಳು. ಬಿರುಕು ಎಂಬ ಮಾತು ನನ್ನ ಬಾಯಿಂದ ಬರುವಷ್ಟರಲ್ಲಿ ಹಿಂದಿನ ಸಾಲುಗಳಲ್ಲಿ ಗುಜುಗುಜು ಆರಂಭವಾಗಿತ್ತು, ಅದು ಕೊನೆಯವರೆಗೂ ನಿಲ್ಲಲಿಲ್ಲ.

ಈ ಬಾರಿಗಾಗಿ ಬರೆದುಕೊಂಡ ಆರಂಭ ಇದು: "ಎಲ್ಲರಿಗೂ ನಮಸ್ಕಾರ. ಇಲ್ಲಿಗೆ ಬಂದಿರುವುದು ನನಗೆ ತುಂಬ ಸಂತೋಷ ತಂದಿದೆ. ನಾನು ಹದಿನಾರು ವರ್ಷಗಳಿಂದ ವಿನಾಶರಹಿತ ಪರೀಕ್ಷೆಯ ಕ್ಷೇತ್ರದಲ್ಲಿದ್ದೇನೆ. ಡೈ ಪೆನೆಟ್ರಂಟ್, ಎಡ್ಡಿ ಕರೆಂಟ್, ಅಲ್ಟ್ರಾಸಾನಿಕ್ ವಿಧಾನಗಳಲ್ಲಿ ಕೆಲಸ ಮಾಡಿದ್ದೇನೆ. ಇಂದು ನಾವು ಫಟೀಗ್ ಎಂದರೇನು, ಅದರ ಹಂತಗಳು ಯಾವುವು, ಅದನ್ನು ಪತ್ತೆ ಹಚ್ಚುವುದು ಹೇಗೆ ಎಂಬ ಮೂರು ವಿಷಯಗಳನ್ನು ನೋಡೋಣ." ಇದು ಕಳೆದ ವರ್ಷದ್ದಕ್ಕಿಂತ ಚಿಕ್ಕದಾಗಿದೆ. ಆದರೂ ಏನೋ ಸರಿಯಿಲ್ಲ ಅನ್ನಿಸುತ್ತಿದೆ. ನನ್ನ ಬಳಿ ಒಂದು ಡಬ್ಬ ಜೆಮ್ ಕ್ಲಿಪ್ ಇದೆ. ಅದನ್ನು ಬಾಗಿಸಿ ಮುರಿದು ತೋರಿಸುವುದನ್ನು ಇಪ್ಪತ್ತನೆಯ ನಿಮಿಷಕ್ಕೆ ಇಟ್ಟುಕೊಂಡಿದ್ದೇನೆ. ನಿಮ್ಮ ಅಭಿಪ್ರಾಯ ತಿಳಿಸಿ.

---

ನಿವೃತ್ತ ಮೇಷ್ಟ್ರು

ಪರೀಕ್ಷಕಿಯವರೇ, ನಿಮ್ಮ ಆರಂಭವನ್ನು ಗಡಿಯಾರ ಮುಂದಿಟ್ಟುಕೊಂಡು, ದೊಡ್ಡ ಸಭಾಂಗಣದಲ್ಲಿ ಮಾತನಾಡುವ ನಿಧಾನದಲ್ಲಿ ಎರಡು ಬಾರಿ ಗಟ್ಟಿಯಾಗಿ ಓದಿದೆ. ಮುಕ್ಕಾಲು ನಿಮಿಷಕ್ಕೆ ಸ್ವಲ್ಪ ಕಡಿಮೆ ಹಿಡಿಯಿತು. ಅಷ್ಟು ಹೊತ್ತಿನಲ್ಲಿ ವಿದ್ಯಾರ್ಥಿಗಳು ಮಾಡಬೇಕಾದ ಕೆಲಸ ಒಂದೂ ಇಲ್ಲ, ಉತ್ತರ ಬೇಕೆನಿಸುವ ಪ್ರಶ್ನೆಯೂ ಇಲ್ಲ. ನಿಮಗೆ ಸರಿಯಿಲ್ಲ ಅನ್ನಿಸಿದ್ದು ಅದೇ ಇರಬೇಕು. ಉದ್ದ ಕಡಿಮೆಯಾಗಿದೆ, ಆದರೆ ಮಾತಿನ ಕ್ರಮ ಹಳೆಯದೇ ಆಗಿದೆ.

ಸ್ವಪರಿಚಯವು "ಇವರ ಮಾತನ್ನು ನಾನು ಏಕೆ ನಂಬಬೇಕು" ಎಂಬ ಪ್ರಶ್ನೆಗೆ ಉತ್ತರ. ನೀವು ಎದ್ದು ನಿಂತ ಕ್ಷಣದಲ್ಲಿ ಆ ಪ್ರಶ್ನೆ ಯಾರಿಗೂ ಹುಟ್ಟಿರುವುದಿಲ್ಲ, ಏಕೆಂದರೆ ನಂಬಬೇಕಾದ ಮಾತನ್ನು ನೀವಿನ್ನೂ ಆಡಿಲ್ಲ. ಆದ್ದರಿಂದ ಮೊದಲು ವಿಷಯವನ್ನೇ ಅವರ ಕೈಗೆ ಕೊಡಿ. ಅದರ ಬಗ್ಗೆ ಅವರು ಒಂದು ತೀರ್ಮಾನಕ್ಕೆ ಬರುವಂತೆ ಮಾಡಿ, ಆಮೇಲೆ ನಿಮ್ಮ ಹೆಸರು ಹೇಳಿ. ಇಪ್ಪತ್ತನೆಯ ನಿಮಿಷಕ್ಕೆ ಎತ್ತಿಟ್ಟ ಆ ಕ್ಲಿಪ್ಪನ್ನು ಮೊದಲ ನಿಮಿಷಕ್ಕೆ ತನ್ನಿ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಸ್ಲೈಡ್ ಇಲ್ಲದೆ ವೇದಿಕೆಯ ಮಧ್ಯಕ್ಕೆ ನಡೆದು ಬಂದು ಮೂರು ನಾಲ್ಕು ಸೆಕೆಂಡು ಸುಮ್ಮನೆ ನಿಂತು, ಕ್ಲಿಪ್ ಎತ್ತಿ ಹಿಡಿದು ಹೇಳುತ್ತಿದ್ದೆ: "ಈ ತಂತಿಯನ್ನು ನೆಟ್ಟಗೆ ಬಿಡಿಸಿದ್ದೇನೆ. ಇತ್ತ ಒಮ್ಮೆ, ಅತ್ತ ಒಮ್ಮೆ ಬಾಗಿಸುತ್ತ ಹೋಗುತ್ತೇನೆ. ಎಷ್ಟನೆಯ ಬಾರಿಗೆ ತುಂಡಾಗುತ್ತದೆ? ನಿಮ್ಮ ಪುಸ್ತಕದ ಮೂಲೆಯಲ್ಲಿ ಒಂದು ಸಂಖ್ಯೆ ಬರೆಯಿರಿ." ಬರೆಯುವುದಕ್ಕೆ ಎಂಟು ಹತ್ತು ಸೆಕೆಂಡು ಕೊಡಬೇಕು, ಆ ಹೊತ್ತಿನಲ್ಲಿ ನೀವು ಮಾತನಾಡಬಾರದು. ನಂತರ ಎಣಿಸುತ್ತ ಬಾಗಿಸಿ. ತುಂಡಾದ ಮೇಲೆ: "ಇದಕ್ಕಿಂತ ಒಂದು ಬಾರಿ ಮೊದಲು ಈ ತಂತಿ ನೋಡುವುದಕ್ಕೆ ಚೆನ್ನಾಗಿಯೇ ಇತ್ತು. ಆ ಒಂದು ಬಾರಿ ಮೊದಲು ಬಿರುಕನ್ನು ಕಂಡುಹಿಡಿಯುವುದು ನನ್ನ ಕೆಲಸ. ನನ್ನ ಹೆಸರು ಇಂಥದು. ವಿಮಾನಗಳ ಮೇಲೆ ಹದಿನಾರು ವರ್ಷಗಳಿಂದ ಅದನ್ನೇ ಮಾಡುತ್ತಿದ್ದೇನೆ."

ನಿಮ್ಮ ಇಡೀ ವೃತ್ತಿಜೀವನ ಇಲ್ಲಿ ಎರಡು ವಾಕ್ಯಗಳಲ್ಲಿ ಬಂದಿದೆ ಎಂಬುದನ್ನು ಗಮನಿಸಿ. ತುಂಡಾದ ತಂತಿ ಕಣ್ಣೆದುರಿಗಿರುವುದರಿಂದ ಆ ಎರಡು ವಾಕ್ಯಗಳಿಗೆ ತೂಕ ಬರುತ್ತದೆ. ಇದೇ ವಾಕ್ಯಗಳನ್ನು ಮೊದಲೇ ಹೇಳಿದರೆ ಅವು ಬಯೋಡೇಟಾದ ಸಾಲುಗಳಾಗಿಬಿಡುತ್ತವೆ.

---

ನಿಲುವು ಮುಖ್ಯ

ಮೇಷ್ಟ್ರು ಹೇಳಿದ್ದನ್ನು ನಾನು ಗೌರವಿಸುತ್ತೇನೆ. ಆದರೆ ಮಾತಿಗಿಂತ ಮೊದಲು ವ್ಯಕ್ತಿಯ ನಿಲುವೇ ಎಲ್ಲವನ್ನೂ ನಿರ್ಧರಿಸುತ್ತದೆ ಎಂಬುದನ್ನು ಇಲ್ಲಿ ಯಾರೂ ಹೇಳುತ್ತಿಲ್ಲ. 1993ರಲ್ಲಿ ನಳಿನಿ ಅಂಬಾಡಿ ಮತ್ತು ರಾಬರ್ಟ್ ರೋಸೆಂಥಾಲ್ ಎಂಬ ಮನೋವಿಜ್ಞಾನಿಗಳು ಪ್ರಕಟಿಸಿದ ಅಧ್ಯಯನವೊಂದಿದೆ. ಅದರಲ್ಲಿ ಕಾಲೇಜು ಶಿಕ್ಷಕರು ಪಾಠ ಮಾಡುತ್ತಿರುವ ಮೂಕ ವಿಡಿಯೊ ತುಣುಕುಗಳನ್ನು, ಒಬ್ಬೊಬ್ಬ ಶಿಕ್ಷಕರದು ಒಟ್ಟು ಮೂವತ್ತು ಸೆಕೆಂಡುಗಳಷ್ಟನ್ನು ಮಾತ್ರ, ಅವರ ಪರಿಚಯವೇ ಇಲ್ಲದವರಿಗೆ ತೋರಿಸಿ ಅಂಕ ಕೊಡಿಸಿದರು. ಆ ಅಂಕಗಳು ಸೆಮಿಸ್ಟರಿನ ಕೊನೆಯಲ್ಲಿ ಆ ಶಿಕ್ಷಕರದೇ ವಿದ್ಯಾರ್ಥಿಗಳು ಕೊಟ್ಟ ಅಂಕಗಳಿಗೆ ಗಣನೀಯವಾಗಿ ಹೊಂದಿಕೊಂಡವು. ಶಬ್ದವೇ ಇಲ್ಲದ ಮೂವತ್ತು ಸೆಕೆಂಡುಗಳಲ್ಲಿ ತೀರ್ಪು ಮುಗಿದುಹೋಗುತ್ತದೆ ಎಂದ ಮೇಲೆ ಕ್ಲಿಪ್ ಮೊದಲೋ ಹೆಸರು ಮೊದಲೋ ಎಂಬ ಚರ್ಚೆಯಿಂದ ಏನು ಪ್ರಯೋಜನ? ಬೆನ್ನು ನೆಟ್ಟಗಿರಲಿ, ಮುಖದಲ್ಲಿ ಉತ್ಸಾಹವಿರಲಿ, ಕೈಗಳು ತೆರೆದಿರಲಿ. ಅಷ್ಟಿದ್ದರೆ ಸಾಕು.

---

ನಿವೃತ್ತ ಮೇಷ್ಟ್ರು

ನೀವು ಹೇಳಿದ ಅಧ್ಯಯನ ನಿಜವಾದದ್ದು, ಅದರ ಫಲಿತಾಂಶವನ್ನೂ ಸರಿಯಾಗಿಯೇ ಹೇಳಿದ್ದೀರಿ. ಆದರೆ ಆ ಅಂಕಗಳು ಶಿಕ್ಷಕರು ಹೇಗನ್ನಿಸಿದರು ಎಂಬುದರ ಅಂಕಗಳು. ವಿದ್ಯಾರ್ಥಿಗಳು ಏನು ಕಲಿತರು, ಎಷ್ಟು ಹೊತ್ತು ಗಮನ ಕೊಟ್ಟರು ಎಂಬುದನ್ನು ಅವು ಅಳೆಯುವುದಿಲ್ಲ. ನಿಲುವು ಬೇಡ ಎಂದು ನಾನು ಹೇಳುತ್ತಿಲ್ಲ. ಪೋಡಿಯಂ ಹಿಂದೆ ಅಡಗಿ, ಲ್ಯಾಪ್‌ಟಾಪಿನ ಪರದೆಯನ್ನು ನೋಡುತ್ತ ಆರಂಭಿಸಿದರೆ ಕ್ಲಿಪ್ಪೂ ಕೆಲಸ ಮಾಡುವುದಿಲ್ಲ. ಆದರೆ ಪರೀಕ್ಷಕಿಯವರು "ಉತ್ಸಾಹದ ಮುಖ" ಎಂಬುದನ್ನು ಒಂದು ವಾರದಲ್ಲಿ ಅಭ್ಯಾಸ ಮಾಡಿಕೊಳ್ಳಲಾರರು. ಕೈಯಲ್ಲೊಂದು ತಂತಿಯಿದ್ದು, ಅದು ಯಾವಾಗ ಮುರಿಯುತ್ತದೋ ಎಂಬ ಕುತೂಹಲ ತಮಗೂ ಇದ್ದರೆ ಮುಖದ ಮೇಲೆ ಬರಬೇಕಾದದ್ದು ತಾನಾಗಿಯೇ ಬರುತ್ತದೆ. ನಾನು ತರಗತಿಯಲ್ಲಿ ಕಂಡದ್ದು ಇದು.

---

ಮೂರು ಕಾಲೇಜು ಒಂದು ಸ್ಕೂಟರ್

ನನ್ನ ಅನುಭವವನ್ನೂ ಹಂಚಿಕೊಳ್ಳುತ್ತೇನೆ. ನಾನೂ ಅತಿಥಿ ಉಪನ್ಯಾಸಕ, ಇದು ಏಳನೆಯ ವರ್ಷ. ಮೊದಲ ದಿನ ನಾನು ಪಾಠ ಮಾಡುವುದೇ ಇಲ್ಲ. ಹೆಸರು, ಊರು, ಓದು ಎಲ್ಲವನ್ನೂ ಹೇಳಿ, ಪ್ರತಿಯೊಬ್ಬರ ಹೆಸರನ್ನೂ ಕೇಳಿ, ಹಾಜರಾತಿಯ ನಿಯಮ, ಆಂತರಿಕ ಅಂಕಗಳ ಲೆಕ್ಕ ಎಲ್ಲವನ್ನೂ ತಿಳಿಸಿಬಿಡುತ್ತೇನೆ. ಅಂಕಗಳ ವಿಷಯ ಬಂದ ಕೂಡಲೇ ತರಗತಿ ನಿಶ್ಶಬ್ದವಾಗುತ್ತದೆ. ಮೇಡಂ, ನೀವೂ ಆಂತರಿಕ ಅಂಕಗಳಿಂದಲೇ ಆರಂಭಿಸಿ, ಗಮನ ತಾನಾಗಿ ಬರುತ್ತದೆ.

---

ಬಿರುಕು ಪರೀಕ್ಷಕಿ

ಸರ್, ನನ್ನ ಶೀರ್ಷಿಕೆಯಿಂದ ಗೊಂದಲವಾಗಿರಬಹುದು. ನಾನು ಸೆಮಿಸ್ಟರ್ ಪೂರ್ತಿ ಪಾಠ ಮಾಡುವವಳಲ್ಲ. ಒಂದು ದಿನ ಬಂದು ಐವತ್ತು ನಿಮಿಷ ಮಾತನಾಡಿ ಹೊರಟುಹೋಗುವವಳು. ನನ್ನ ಕೈಯಲ್ಲಿ ಅಂಕಗಳಿಲ್ಲ, ಹಾಜರಾತಿಯೂ ಇಲ್ಲ. ಇನ್ನೂರ ನಲವತ್ತು ಹೆಸರುಗಳನ್ನು ಕೇಳುವುದಕ್ಕೆ ಸಮಯವೂ ಇಲ್ಲ.

---

ಮೂರು ಕಾಲೇಜು ಒಂದು ಸ್ಕೂಟರ್

ಕ್ಷಮಿಸಿ ಮೇಡಂ, ನಾನು ತಪ್ಪು ತಿಳಿದುಕೊಂಡೆ. ನನಗೆ ಮೊದಲ ದಿನ ಕೆಟ್ಟರೆ ಎರಡನೆಯ ದಿನವಿದೆ, ನಿಮಗೆ ಅದಿಲ್ಲ. ಹಾಗಿದ್ದರೆ ನನ್ನ ಸಲಹೆಯನ್ನು ಪಕ್ಕಕ್ಕಿಡಿ. ಒಂದು ಮಾತು ಮಾತ್ರ ಉಳಿಯುತ್ತದೆ ಅಂದುಕೊಂಡಿದ್ದೇನೆ: ನಿಮ್ಮ ಉಪನ್ಯಾಸದಿಂದ ಪರೀಕ್ಷೆಗೆ ಪ್ರಶ್ನೆ ಬರುತ್ತದೆಯೇ ಇಲ್ಲವೇ ಎಂಬುದನ್ನು ತಿಳಿಯಲು ಅವರು ಕಾಯುತ್ತಿರುತ್ತಾರೆ. ಅದನ್ನು ನೀವಲ್ಲ, ವಿಭಾಗದವರೇ ಮೊದಲೇ ಹೇಳಿಬಿಡಲಿ.

---

ಕೊನೆಯ ಸಾಲಿನಿಂದ

ನಾನು ಈಗ ಮೂರನೆಯ ವರ್ಷದ ವಿದ್ಯಾರ್ಥಿನಿ. ಇಂಥ ಸಭಾಂಗಣದ ಕೊನೆಯ ಸಾಲುಗಳಲ್ಲಿ ಕುಳಿತು ಎರಡು ವರ್ಷ ಕಳೆದಿದ್ದೇನೆ, ಆದ್ದರಿಂದ ಅಲ್ಲಿಂದ ಏನು ಕಾಣುತ್ತದೆ ಎಂಬುದನ್ನು ಹೇಳಬಯಸುತ್ತೇನೆ.

ಮೊದಲನೆಯದಾಗಿ, ಅಲ್ಲಿಗೆ ಕ್ಲಿಪ್ ಕಾಣುವುದಿಲ್ಲ. ನಿಮ್ಮ ಕೈ ಕಾಣುತ್ತದೆ, ಕೈಯಲ್ಲಿ ಏನಿದೆ ಎಂಬುದು ತಿಳಿಯುವುದಿಲ್ಲ. ಮುಂದಿನ ಆರು ಸಾಲುಗಳು ನಕ್ಕು, ಅಚ್ಚರಿಪಟ್ಟು, ಎಣಿಸುತ್ತಿರುವಾಗ ನಾವು ಹೊರಗಿನವರಾಗುತ್ತೇವೆ. ಒಮ್ಮೆ ಹಾಗನ್ನಿಸಿತೆಂದರೆ ಫೋನ್ ತೆಗೆಯುವುದಕ್ಕೆ ಬೇರೆ ಕಾರಣ ಬೇಕಾಗುವುದಿಲ್ಲ.

ಎರಡನೆಯದಾಗಿ, ಅತಿಥಿಗಳು ಕೇಳುವ "ಫಟೀಗ್ ಎಂದರೇನೆಂದು ಯಾರಿಗಾದರೂ ಗೊತ್ತೇ" ಎಂಬ ಪ್ರಶ್ನೆಯನ್ನು ದಯವಿಟ್ಟು ಕೇಳಬೇಡಿ. ಆ ಪ್ರಶ್ನೆಗೆ ಎಂದಿನ ಮೂವರು ಕೈ ಎತ್ತುತ್ತಾರೆ, ಅವರಲ್ಲೊಬ್ಬರು ಉತ್ತರಿಸುತ್ತಾರೆ. ಉಳಿದ ಇನ್ನೂರ ಮೂವತ್ತೇಳು ಮಂದಿಗೆ ತಾವಿಲ್ಲಿ ಬರೀ ಪ್ರೇಕ್ಷಕರು ಎಂಬುದು ಖಚಿತವಾಗುತ್ತದೆ. ಸಂಖ್ಯೆ ಬರೆಯಿರಿ ಎಂದು ಮೇಷ್ಟ್ರು ಹೇಳಿದ್ದು ನನಗೆ ಹಿಡಿಸಿತು. ಏಕೆಂದರೆ ಅದಕ್ಕೆ ಏನೂ ಗೊತ್ತಿರಬೇಕಾಗಿಲ್ಲ, ತಪ್ಪಾದರೆ ಅವಮಾನವೂ ಆಗುವುದಿಲ್ಲ. ನಂತರ ಕೈ ಎತ್ತಿಸುವುದಾದರೆ ಎಲ್ಲರ ಕೈಯೂ ಒಮ್ಮೆ ಮೇಲೇಳುವ ಹಾಗೆ ಕೇಳಿ: ಹತ್ತಕ್ಕಿಂತ ಕಡಿಮೆ ಬರೆದವರು, ಹತ್ತರಿಂದ ಇಪ್ಪತ್ತರೊಳಗೆ ಬರೆದವರು, ಇಪ್ಪತ್ತಕ್ಕಿಂತ ಹೆಚ್ಚು ಬರೆದವರು.

---

ಧ್ವನಿ ಬೆಳಕು

ನಾನು ಸಭಾಂಗಣಗಳ ಮೈಕು, ಪ್ರೊಜೆಕ್ಟರ್ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಕೊನೆಯ ಸಾಲಿನವರು ಹೇಳಿದ ತೊಂದರೆಗೆ ಡಾಕ್ಯುಮೆಂಟ್ ಕ್ಯಾಮೆರಾ ಉತ್ತರ. ಅದನ್ನು ಮೊದಲೇ ಪ್ರೊಜೆಕ್ಟರಿಗೆ ಜೋಡಿಸಿಟ್ಟರೆ ತಂತಿ ಪರದೆಯ ತುಂಬ ಕಾಣುತ್ತದೆ. ಒಂದು ಎಚ್ಚರಿಕೆಯಿದೆ: ಕೈ ಅಲುಗಾಡಿದಾಗಲೆಲ್ಲ ಕ್ಯಾಮೆರಾ ಫೋಕಸ್ ಹುಡುಕುತ್ತ ಚಿತ್ರವನ್ನು ಮಸುಕು ಮಾಡುತ್ತದೆ. ಆಟೊ ಫೋಕಸನ್ನು ಬಂದ್ ಮಾಡಿ, ಕೈ ಇಡುವ ಜಾಗದಲ್ಲಿ ಮೇಜಿನ ಮೇಲೊಂದು ಟೇಪಿನ ಗುರುತು ಹಾಕಿಕೊಳ್ಳಿ.

ಮೈಕು ಕಾಲರಿನದಾಗಿರಲಿ. ಕ್ಲಿಪ್ ಬಾಗಿಸುವುದಕ್ಕೆ ಎರಡೂ ಕೈ ಬೇಕು, ಕೈಮೈಕ್ ಹಿಡಿದುಕೊಂಡು ಅದು ಸಾಧ್ಯವಿಲ್ಲ. "ಹಲೋ, ಕೇಳಿಸುತ್ತಿದೆಯೇ" ಎಂಬ ಮಾತು ನಿಮ್ಮ ಮೊದಲ ವಾಕ್ಯವಾಗದಿರಲಿ. ವಿದ್ಯಾರ್ಥಿಗಳು ಬರುವ ಇಪ್ಪತ್ತು ನಿಮಿಷ ಮೊದಲೇ ಅದನ್ನು ಮುಗಿಸಿಕೊಳ್ಳಬೇಕು. ಪವರ್‌ಪಾಯಿಂಟ್ ಬಳಸುವುದಾದರೆ ಸ್ಲೈಡ್ ಶೋ ನಡೆಯುತ್ತಿರುವಾಗ `B` ಒತ್ತಿದರೆ ಪರದೆ ಕಪ್ಪಾಗುತ್ತದೆ, ಮತ್ತೆ ಒತ್ತಿದರೆ ಸ್ಲೈಡ್ ಮರಳುತ್ತದೆ. ಖಾಲಿ ಪರದೆಯ ಮುಂದೆ ನಿಂತವರ ಕಡೆಗೆ ಜನ ನೋಡಿಯೇ ನೋಡುತ್ತಾರೆ. ಇಷ್ಟು ವರ್ಷ ಹಿಂದಿನ ಕನ್ಸೋಲಿನಿಂದ ನೋಡಿದ ಅನುಭವದಿಂದ ಇದನ್ನು ಹೇಳುತ್ತಿದ್ದೇನೆ.

---

ಕಥೆಯಿಂದ ಆರಂಭ

ಕ್ಲಿಪ್ ಎಂಬುದು ಶಾಲಾ ಮಕ್ಕಳ ಮಟ್ಟದ್ದಾಯಿತು ಎಂಬುದು ನನ್ನ ಅಭಿಪ್ರಾಯ. ವಿಮಾನದ ಕ್ಷೇತ್ರದವರಿಗೆ ಇದಕ್ಕಿಂತ ದೊಡ್ಡ ಅಸ್ತ್ರವೇ ಇದೆ. 1954ರ ಜನವರಿಯಲ್ಲಿ ಕಾಮೆಟ್ ಎಂಬ ಜೆಟ್ ವಿಮಾನ ಮೆಡಿಟರೇನಿಯನ್ ಸಮುದ್ರದ ಮೇಲೆ ಆಕಾಶದಲ್ಲಿಯೇ ಒಡೆದುಹೋಯಿತು. ಏಪ್ರಿಲ್‌ನಲ್ಲಿ ಅದೇ ಮಾದರಿಯ ಇನ್ನೊಂದು ವಿಮಾನವೂ ಹಾಗೆಯೇ ನಾಶವಾಯಿತು. ಕಾರಣ ಫಟೀಗ್. ಅವಶೇಷಗಳ ಚಿತ್ರವನ್ನು ಪರದೆಯ ತುಂಬ ತೋರಿಸಿ, ಸತ್ತವರ ಸಂಖ್ಯೆಯನ್ನು ಹೇಳಿ ಆರಂಭಿಸಿ. ಒಬ್ಬರೂ ಅಲುಗಾಡುವುದಿಲ್ಲ.

---

ನಿವೃತ್ತ ಮೇಷ್ಟ್ರು

ಅಲುಗಾಡುವುದಿಲ್ಲ, ನಿಜ. ಆದರೆ ಎಷ್ಟು ಹೊತ್ತು? ಚಿತ್ರ ನೋಡಿ ಮರುಗುವುದು ಒಂದು, ಮುಂದೇನಾಗುತ್ತದೆ ಎಂದು ತಾವೇ ಊಹಿಸಿ ಕಾಯುವುದು ಇನ್ನೊಂದು. ಭೌತಶಾಸ್ತ್ರದ ತರಗತಿಗಳಲ್ಲಿ ತೋರಿಸುವ ಪ್ರಯೋಗಗಳ ಬಗ್ಗೆ ಹಾರ್ವರ್ಡಿನ ಎರಿಕ್ ಮಝೂರ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಾನು ಇದಕ್ಕಾಗಿಯೇ ಮೆಚ್ಚುತ್ತೇನೆ. ಪ್ರಯೋಗವನ್ನು ಸುಮ್ಮನೆ ನೋಡಿದ ವಿದ್ಯಾರ್ಥಿಗಳು ಅದನ್ನು ನೋಡದೇ ಇದ್ದವರಿಗಿಂತ ಹೆಚ್ಚೇನೂ ಅರ್ಥಮಾಡಿಕೊಂಡಿರಲಿಲ್ಲ. ಏನಾಗಬಹುದೆಂದು ಮೊದಲೇ ಊಹಿಸಿ ಆಮೇಲೆ ನೋಡಿದವರಲ್ಲಿ ಮಾತ್ರ ವ್ಯತ್ಯಾಸ ಕಂಡುಬಂತು. ಊಹಿಸುವುದಕ್ಕೆ ಹಿಡಿದದ್ದು ಕೆಲವೇ ನಿಮಿಷಗಳು.

ಕಾಮೆಟ್ ಕಥೆ ಬೇಡವೆಂದಲ್ಲ. ಕ್ಲಿಪ್ ಮುರಿದ ಮೇಲೆ, ಎರಡನೆಯ ನಿಮಿಷದಲ್ಲಿ ಅದಕ್ಕೆ ಜಾಗವಿದೆ. ಜನವರಿಯಲ್ಲಿ ಬಿದ್ದ ವಿಮಾನ ಅದಕ್ಕೆ ಮೊದಲು ಸುಮಾರು 1,290 ಬಾರಿ ಹಾರಿತ್ತು. ಪ್ರತಿ ಹಾರಾಟದಲ್ಲಿ ಒಳಗಿನ ಗಾಳಿಯ ಒತ್ತಡ ಒಮ್ಮೆ ಏರಿ, ಒಮ್ಮೆ ಇಳಿದಿತ್ತು. ಕೈಯಲ್ಲಿ ತುಂಡು ತಂತಿ ಇರುವಾಗ ಆ ಸಂಖ್ಯೆಯನ್ನು ಹೇಳಿದರೆ ಅದು ಬಾಗುಗಳ ಎಣಿಕೆಯಾಗಿ ಕೇಳಿಸುತ್ತದೆ. ಸತ್ತವರ ಚಿತ್ರವನ್ನು ಗಮನ ಸೆಳೆಯುವುದಕ್ಕೆಂದೇ ತೋರಿಸುವುದು ನನಗೆ ಸರಿಯೆನಿಸುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ.

---

ಕಥೆಯಿಂದ ಆರಂಭ

ಕೊನೆಯ ಮಾತನ್ನು ಒಪ್ಪುತ್ತೇನೆ. ಕಥೆ ಎರಡನೆಯದಾಗಿ ಬರಬೇಕು ಎಂಬುದನ್ನು ಇನ್ನೂ ಒಪ್ಪಿಲ್ಲ. ಒಳ್ಳೆಯ ಕಥೆಯೂ ಕೇಳುವವರನ್ನು ಊಹಿಸುವಂತೆ ಮಾಡುತ್ತದೆ. "1,290 ಬಾರಿ ಸುರಕ್ಷಿತವಾಗಿ ಹಾರಿದ ವಿಮಾನ ಮುಂದಿನ ಬಾರಿ ಏಕೆ ಒಡೆಯಿತು" ಎಂದು ಕೇಳಿ ಸುಮ್ಮನಾದರೆ ಅದೂ ಒಂದು ಪ್ರಶ್ನೆಯೇ ಅಲ್ಲವೇ?

---

ಲೋಹಶಾಸ್ತ್ರ

ಮೊದಲ ನಿಮಿಷದ ತಂತ್ರದ ಬಗ್ಗೆ ನನ್ನ ತಕರಾರಿಲ್ಲ, ವಿಷಯದ ಬಗ್ಗೆ ಒಂದು ತಕರಾರಿದೆ. ಕ್ಲಿಪ್ಪನ್ನು ಕೈಯಿಂದ ಬಾಗಿಸಿದಾಗ ಅದು ಬಾಗಿದ ಹಾಗೆಯೇ ಉಳಿಯುತ್ತದೆ, ಅಂದರೆ ಲೋಹ ಪ್ರತಿ ಬಾರಿಯೂ ಶಾಶ್ವತವಾಗಿ ರೂಪ ಬದಲಿಸುತ್ತಿರುತ್ತದೆ. ಆದ್ದರಿಂದಲೇ ಅದು ಹತ್ತಿಪ್ಪತ್ತು ಬಾರಿಯೊಳಗೆ ಮುರಿಯುತ್ತದೆ. ವಿಮಾನದ ರೆಕ್ಕೆ ಪ್ರತಿ ಹಾರಾಟದಲ್ಲಿಯೂ ಬಾಗಿ ಮತ್ತೆ ಮೊದಲಿನ ಸ್ಥಿತಿಗೆ ಬರುತ್ತದೆ. ಹೊರಗಿನಿಂದ ನೋಡಿದರೆ ಏನೂ ಆಗಿಲ್ಲವೆಂದೇ ಕಾಣುತ್ತದೆ. ಆದರೂ ಸಾವಿರಾರು ಬಾರಿಯ ನಂತರ, ರಿವೆಟ್ಟಿನ ರಂಧ್ರದಂಥ ಒತ್ತಡ ಒಟ್ಟುಗೂಡುವ ಜಾಗದಲ್ಲಿ ಬಿರುಕು ಹುಟ್ಟುತ್ತದೆ. ಈ ವ್ಯತ್ಯಾಸವನ್ನು ಹೇಳದೆ ಹೋದರೆ, ತರಗತಿಯಲ್ಲಿ ನಿಜವಾಗಿ ಓದಿಕೊಂಡು ಬಂದ ನಾಲ್ಕೈದು ವಿದ್ಯಾರ್ಥಿಗಳ ವಿಶ್ವಾಸವನ್ನು ನೀವು ಮೊದಲ ನಿಮಿಷದಲ್ಲಿಯೇ ಕಳೆದುಕೊಳ್ಳುತ್ತೀರಿ.

ಇನ್ನೊಂದು ಚಿಕ್ಕ ಮಾತು. ಒಂದೇ ಡಬ್ಬದ ಕ್ಲಿಪ್ಪುಗಳಲ್ಲಿಯೂ ಎಣಿಕೆ ಬೇರೆ ಬೇರೆ ಬರುತ್ತದೆ, ಬಾಗಿಸುವ ಕೋನ ಕಡಿಮೆಯಾದರೆ ಬಹಳ ಹೆಚ್ಚುತ್ತದೆ. ಮನೆಯಲ್ಲಿ ಹತ್ತು ಕ್ಲಿಪ್ಪುಗಳನ್ನಾದರೂ ಮುರಿದು ನೋಡಿಕೊಂಡು ಹೋಗಿ. ನಲವತ್ತು ಬಾರಿ ಬಾಗಿಸಿದರೂ ಮುರಿಯದ ತಂತಿಯನ್ನು ಹಿಡಿದುಕೊಂಡು ನಿಲ್ಲುವ ಸ್ಥಿತಿ ಬರಬಾರದು.

---

ಬಿರುಕು ಪರೀಕ್ಷಕಿ

ಲೋಹಶಾಸ್ತ್ರದವರೇ, ಇದು ನನಗೆ ಗೊತ್ತಿದ್ದ ವಿಷಯ, ಆದರೆ ತಂತ್ರದ ಆಸೆಯಲ್ಲಿ ಮರೆತೇಬಿಟ್ಟಿದ್ದೆ. ನಿಮ್ಮ ತಕರಾರನ್ನೇ ಎರಡನೆಯ ನಿಮಿಷದ ಸೇತುವೆಯಾಗಿ ಬಳಸಿಕೊಳ್ಳುತ್ತೇನೆ: "ಈ ತಂತಿ ಬಾಗಿದ್ದು ನಿಮಗೆ ಕಾಣಿಸಿತು. ನಾನು ಪರೀಕ್ಷಿಸುವ ಭಾಗಗಳಲ್ಲಿ ಅದು ಕಾಣಿಸುವುದಿಲ್ಲ." ನಂತರ ಕಾಮೆಟ್ ಬರುತ್ತದೆ. ಇನ್ನು ಉಳಿದಿರುವುದು ಒಂದೇ ಚಿಂತೆ: ವಿಭಾಗದವರು ಓದುವ ಎರಡು ಪುಟದ ಪರಿಚಯ. ಅದನ್ನು ಬೇಡವೆಂದು ಹೇಳುವುದು ಹೇಗೆ?

---

ವಿಭಾಗದ ಕಡೆಯಿಂದ

ಅತಿಥಿಗಳನ್ನು ಕರೆಸಿ ಪರಿಚಯಿಸುವ ಜವಾಬ್ದಾರಿ ನನ್ನದೇ ಆಗಿರುವುದರಿಂದ ನಮ್ಮ ಕಡೆಯ ಮಾತನ್ನು ಹೇಳುತ್ತೇನೆ. ಎರಡು ಪುಟವನ್ನು ಓದುವುದು ನಮಗೂ ಇಷ್ಟವಲ್ಲ. ಅತಿಥಿಗಳು ಎರಡು ಪುಟ ಕಳಿಸುತ್ತಾರೆ, ಅದರಲ್ಲಿ ಯಾವುದನ್ನು ಬಿಟ್ಟರೆ ಅವರಿಗೆ ಬೇಸರವಾಗುತ್ತದೋ ಎಂಬ ಅಳುಕಿನಿಂದ ನಾವು ಪೂರ್ತಿ ಓದುತ್ತೇವೆ. ಆದ್ದರಿಂದ ಓದಬೇಕಾದ ಮೂರು ವಾಕ್ಯಗಳನ್ನು ನೀವೇ ಬರೆದು ಕಳಿಸಿ, "ದಯವಿಟ್ಟು ಇಷ್ಟನ್ನು ಮಾತ್ರ ಓದಿ, ಉಳಿದದ್ದು ಉಪನ್ಯಾಸದೊಳಗೇ ಬರುತ್ತದೆ" ಎಂದು ಸ್ಪಷ್ಟವಾಗಿ ಬರೆಯಿರಿ. ನಾವು ಸಂತೋಷದಿಂದ ಒಪ್ಪುತ್ತೇವೆ.

ಆ ಮೂರು ವಾಕ್ಯಗಳಲ್ಲಿ ಬಿರುಕು ಎಂಬ ಪದವೂ ಬೇಡ, ಕ್ಲಿಪ್ಪಿನ ಸುಳಿವೂ ಬೇಡ. ಒಮ್ಮೆ ನಾನೇ ಉತ್ಸಾಹದಿಂದ "ಇವರು ನಿಮಗೊಂದು ಅಚ್ಚರಿ ತೋರಿಸಲಿದ್ದಾರೆ" ಎಂದು ಹೇಳಿ, ಬಂದಿದ್ದವರ ಮೊದಲ ನಿಮಿಷವನ್ನು ಹಾಳು ಮಾಡಿದ್ದೇನೆ. ಅಚ್ಚರಿಗಾಗಿ ಕಾದು ಕುಳಿತವರಿಗೆ ಏನನ್ನು ತೋರಿಸಿದರೂ ಸಾಲದಾಯಿತು. ತಡವಾಗಿ ಬರುವವರನ್ನೂ ನಮಗೆ ಬಿಡಿ; ನೀವು ಎಣಿಸುತ್ತಿರುವಾಗ ಬಾಗಿಲು ತೆರೆಯದಂತೆ ಒಬ್ಬರನ್ನು ಹೊರಗೆ ನಿಲ್ಲಿಸಬಹುದು. ಆದರೆ ಇದನ್ನೆಲ್ಲ ಅದೇ ದಿನ ಬೆಳಿಗ್ಗೆ ಹೇಳಿದರೆ ಆಗುವುದಿಲ್ಲ, ಎರಡು ದಿನ ಮೊದಲೇ ತಿಳಿಸಬೇಕು.

---

ಬಿರುಕು ಪರೀಕ್ಷಕಿ

ಉಪನ್ಯಾಸ ನಿನ್ನೆ ಮುಗಿಯಿತು. ನೀವೆಲ್ಲ ಇಷ್ಟು ಸಮಯ ಕೊಟ್ಟಿದ್ದೀರಿ, ಆದ್ದರಿಂದ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಮನೆಯಲ್ಲಿ ಹನ್ನೆರಡು ಕ್ಲಿಪ್ಪುಗಳನ್ನು ಮುರಿದೆ. ಎರಡೂ ಕಡೆಗೆ ಪೂರ್ತಿಯಾಗಿ ಬಾಗಿಸಿದಾಗ ಎಲ್ಲವೂ ಒಂಬತ್ತರಿಂದ ಹದಿನೇಳರೊಳಗೆ ತುಂಡಾದವು. ವಿಭಾಗದವರು ನಾನು ಕಳಿಸಿದ ಮೂರು ವಾಕ್ಯಗಳನ್ನಷ್ಟೇ ಓದಿದರು. ನಾನು ಎದ್ದು ಮೇಜಿನ ಬಳಿಗೆ ಬಂದು ಸುಮ್ಮನೆ ನಿಂತೆ. ಆ ನಾಲ್ಕು ಸೆಕೆಂಡುಗಳು ನನಗೆ ಬಹಳ ದೀರ್ಘವಾಗಿ ತೋರಿದವು, ಎರಡನೆಯ ಸೆಕೆಂಡಿನಲ್ಲಿಯೇ "ನಮಸ್ಕಾರ" ಎಂದುಬಿಟ್ಟೆ. ಅದರಿಂದ ನಷ್ಟವೇನೂ ಆಗಲಿಲ್ಲ, ಅವರೂ ನಮಸ್ಕಾರವೆಂದರು. ನಂತರ ಪ್ರಶ್ನೆ ಕೇಳಿ, ಸಂಖ್ಯೆ ಬರೆಯಲು ಹೇಳಿ ಕಾದೆ. ಮೊದಲು ಮುಂದಿನ ಸಾಲಿನವರು ಬರೆದರು. ಹಿಂದಿನವರು ಒಬ್ಬರನ್ನೊಬ್ಬರು ನೋಡಿಕೊಂಡರು, ಯಾರೋ ಪಕ್ಕದವರಿಂದ ಪೆನ್ನು ಕೇಳಿ ಪಡೆದರು. ಆ ಪೆನ್ನು ಕೈ ಬದಲಾಯಿಸಿದ್ದನ್ನು ನೋಡಿದಾಗ ನನ್ನ ಎದೆಬಡಿತ ಸ್ವಲ್ಪ ಇಳಿಯಿತು.

ತಪ್ಪಿದ್ದು ಕ್ಯಾಮೆರಾದಲ್ಲಿ. ಟೇಪಿನ ಗುರುತು ಹಾಕಿಕೊಂಡಿದ್ದೆ, ಆದರೆ ಆಟೊ ಫೋಕಸ್ ಬಂದ್ ಮಾಡುವುದನ್ನು ಮರೆತಿದ್ದೆ. ನಾಲ್ಕನೆಯ ಬಾಗಿಗೆ ಪರದೆ ಮಸುಕಾಯಿತು. ಆದರೆ ಅಷ್ಟರಲ್ಲಿ ತರಗತಿಯೇ ಗಟ್ಟಿಯಾಗಿ ಎಣಿಸಲು ಆರಂಭಿಸಿತ್ತು, ಹಾಗೆ ಮಾಡಿ ಎಂದು ನಾನು ಹೇಳಿರಲಿಲ್ಲ. ಪರದೆ ಕಾಣದಿದ್ದರೂ ಎಣಿಕೆ ಮುಂದುವರಿಯಿತು. ಹನ್ನೊಂದಕ್ಕೆ ತುಂಡಾಯಿತು. ಹನ್ನೊಂದನ್ನೇ ಬರೆದಿದ್ದ ಒಂದು ಗುಂಪು ಎಡಗಡೆಯಿಂದ ಕೂಗಿತು. ಆ ಗದ್ದಲ ಇಳಿಯಲು ಹಿಡಿದ ಸಮಯವನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಹೀಗಾಗಿ ನನ್ನ ಹೆಸರು ಒಂದನೆಯ ನಿಮಿಷದೊಳಗೆ ಬರಲೇ ಇಲ್ಲ, ಸುಮಾರು ಒಂದೂವರೆ ನಿಮಿಷವಾಗಿತ್ತು. "ಒಂದು ಬಾರಿ ಮೊದಲು" ಎಂಬ ವಾಕ್ಯವನ್ನು ಹೇಳಿದಾಗ ಮಾತ್ರ ಸಭಾಂಗಣ ಪೂರ್ತಿ ಸುಮ್ಮನಾಯಿತು. ಕಾಮೆಟ್‌ನ 1,290ಕ್ಕೆ ಬಂದಾಗ ಹಲವರು ಆ ಸಂಖ್ಯೆಯನ್ನು ತಾವು ಬರೆದುಕೊಂಡಿದ್ದ ಸಂಖ್ಯೆಯ ಕೆಳಗೆ ಬರೆದುಕೊಳ್ಳುವುದನ್ನು ಕಂಡೆ.

ಮೂವತ್ತೈದನೆಯ ನಿಮಿಷದ ನಂತರ ಹಿಂದಿನ ಸಾಲುಗಳಲ್ಲಿ ಮತ್ತೆ ಗುಜುಗುಜು ಆರಂಭವಾಯಿತು ಎಂಬುದನ್ನೂ ಹೇಳಬೇಕು. ಎಡ್ಡಿ ಕರೆಂಟ್ ಭಾಗದಲ್ಲಿ ನಾನು ಸತತವಾಗಿ ಒಂಬತ್ತು ಸ್ಲೈಡ್ ಓದಿದ್ದೆ.

---

ಕೊನೆಯ ಸಾಲಿನಿಂದ

ಮೇಡಂ, ಓದಿ ತುಂಬ ಸಂತೋಷವಾಯಿತು. ಆದರೆ ಒಂದು ವಿಷಯವನ್ನು ನಾನಿನ್ನೂ ಒಪ್ಪಿಲ್ಲ. ಒಂದೂವರೆ ನಿಮಿಷದವರೆಗೆ ಮಾತನಾಡುತ್ತಿರುವವರ ಹೆಸರು ತಿಳಿಯದಿದ್ದರೆ ನನಗೆ ಒಂಥರಾ ಮುಜುಗರವಾಗುತ್ತದೆ. ತಡವಾಗಿ ಬಂದು ವಿಭಾಗದವರ ಮಾತು ಕೇಳಿಸಿಕೊಳ್ಳದವರಿಗಂತೂ ಇನ್ನೂ ಹೆಚ್ಚು. ಹೆಸರನ್ನು ಮಾತ್ರ ಬೋರ್ಡಿನ ಮೂಲೆಯಲ್ಲಿ ಮೊದಲೇ ದೊಡ್ಡದಾಗಿ ಬರೆದಿಟ್ಟು, ಕೆಲಸದ ಬಗ್ಗೆ ಆಮೇಲೆ ಹೇಳಬಹುದಲ್ಲವೇ?

---

ನಿವೃತ್ತ ಮೇಷ್ಟ್ರು

ಬೋರ್ಡಿನ ಮೇಲೆ ಹೆಸರಿದ್ದರೆ ನನ್ನ ಆಕ್ಷೇಪವಿಲ್ಲ; ಅದು ಕಣ್ಣಿಗೆ ಬೀಳುತ್ತದೆ, ಕಿವಿಯ ಸಮಯವನ್ನು ತೆಗೆದುಕೊಳ್ಳುವುದಿಲ್ಲ. ಆದರೆ ಆ ವಾಕ್ಯದಲ್ಲಿ ಹೆಸರು ಮತ್ತು ಕೆಲಸ ಜೊತೆಯಾಗಿ ಬಂದಾಗ ಆಗುವ ಪರಿಣಾಮ ಸ್ವಲ್ಪ ಕಡಿಮೆಯಾದೀತು ಎಂದು ನನಗನ್ನಿಸುತ್ತದೆ. ಇದನ್ನು ನಾನು ಪರೀಕ್ಷಿಸಿ ನೋಡಿಲ್ಲ. ಪರೀಕ್ಷಕಿಯವರೇ, ಮುಂದಿನ ಬಾರಿ ಇನ್ನೊಂದು ತರಗತಿ ಸಿಕ್ಕರೆ ಹೆಸರನ್ನು ಬೋರ್ಡಿನಲ್ಲಿ ಬರೆದು ಆರಂಭಿಸಿ ನೋಡಿ, ಏನಾಯಿತೆಂದು ಇಲ್ಲಿಯೇ ತಿಳಿಸಿ. ಆ ಒಂಬತ್ತು ಸ್ಲೈಡುಗಳ ಬಗ್ಗೆ ಬೇರೆ ಚರ್ಚೆ ತೆರೆಯಿರಿ, ಅದಕ್ಕೆ ನನ್ನ ಬಳಿ ಹೇಳುವುದು ಬಹಳವಿದೆ.

---

ಬಿರುಕು ಪರೀಕ್ಷಕಿ

ಮುಂದಿನ ತಿಂಗಳು ಬೇರೆ ವಿಭಾಗದ ನೂರ ಎಂಬತ್ತು ವಿದ್ಯಾರ್ಥಿಗಳಿಗೆ ಇದೇ ಉಪನ್ಯಾಸವಿದೆ. ಹೆಸರು ಬೋರ್ಡಿನ ಮೇಲಿರುತ್ತದೆ, ಆಟೊ ಫೋಕಸ್ ಬಂದ್ ಆಗಿರುತ್ತದೆ. ತಿಳಿಸುತ್ತೇನೆ.